ಫ್ರಿಜ್‌ನಲ್ಲಿಟ್ಟ ಡಬ್ಬಿ ಹೇಳಿದ್ದು

ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ಒಂದು ರಾತ್ರಿ ನಾನು ಹೋಟೆಲ್‌ನಿಂದ ತರಕಾರಿ ಗ್ರೇವಿ ತರಿಸಿದ್ದೆ. ಅರ್ಧ ಲೀಟರ್ ಡಬ್ಬಿ. ಅರ್ಧ ತಿಂದು, ಉಳಿದದ್ದನ್ನು ಫ್ರಿಜ್‌ಗೆ ಸೇರಿಸಿದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಗ್ರೇವಿ ಗಟ್ಟಿಯಾಗಿ ಕೆಳಗೆ ಕೂತಿತ್ತು, ಎಣ್ಣೆ ಬೇರೆಯಾಗಿ ಮೇಲೆ ನಿಂತಿತ್ತು. ಸುಮ್ನೆ ಕುತೂಹಲಕ್ಕೆ ಆ ಎಣ್ಣೆಯನ್ನು ಚಮಚದಲ್ಲಿ ತೆಗೆದು ಅಳೆದೆ. 30 ಮಿಲಿ ಬಂತು, ಅಂದರೆ ಎರಡು ಟೇಬಲ್ ಚಮಚ. ಹಿಂದಿನ ರಾತ್ರಿ ಅಷ್ಟೇ ಎಣ್ಣೆ ನನ್ನ ಹೊಟ್ಟೆಗೂ ಹೋಗಿತ್ತು ಅಲ್ವಾ? ತಿನ್ನುವಾಗ ಗೊತ್ತೇ ಆಗಿರಲಿಲ್ಲ.

ಒಂದು ಟೇಬಲ್ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ಬರೀ ಅನ್ನದಲ್ಲಿ ಅಷ್ಟು ಸಿಗಬೇಕಾದರೆ 90 ಗ್ರಾಂನಷ್ಟು ತಿನ್ನಬೇಕು. ಅನ್ನ ತಟ್ಟೆಯಲ್ಲಿ ಕಾಣುತ್ತದೆ, ಹೊಟ್ಟೆ ತುಂಬಿಸುತ್ತದೆ. ಎಣ್ಣೆ ಎರಡನ್ನೂ ಅಷ್ಟಾಗಿ ಮಾಡುವುದಿಲ್ಲ. ನನ್ನ ಆ ಡಬ್ಬಿಯಲ್ಲಿ ನಾಲ್ಕು ಚಮಚದ ಲೆಕ್ಕ, ಎಣ್ಣೆಯಿಂದಲೇ 480 ಕ್ಯಾಲೊರಿ. ತರಕಾರಿಯದು ಇನ್ನೂ ಸೇರಿಸಿಲ್ಲ!

ಅಡುಗೆಯವರು ನಮ್ಮ ಮೇಲೆ ಸಿಟ್ಟಿನಿಂದ ಹೀಗೆ ಮಾಡುವುದಿಲ್ಲ. ದೊಡ್ಡ ಉರಿಯಲ್ಲಿ ತಳ ಹಿಡಿಯಬಾರದು, ಹೊಳಪು ಬರಬೇಕು, ಬೇಗ ಆಗಬೇಕು. ತರಕಾರಿಯನ್ನು ಎಷ್ಟೋ ಕಡೆ ಮೊದಲೇ ಕರಿದು ಇಟ್ಟಿರುತ್ತಾರೆ. ಬದನೆಕಾಯಿಯಂಥದ್ದು ಸ್ಪಂಜಿನ ಹಾಗೆ, ಒಳಗೆಲ್ಲ ಗಾಳಿ. ಹಾಕಿದಷ್ಟೂ ಎಣ್ಣೆ ಕುಡಿಯುತ್ತದೆ. ಕರಿದ ತಿಂಡಿಯಲ್ಲಿ ಇನ್ನೊಂದು ಸಂಗತಿ ಇದೆ. ಬಾಣಲೆಯಲ್ಲಿ ಇರುವಾಗ ಒಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತಿರುತ್ತದೆ, ಎಣ್ಣೆಗೆ ಒಳಗೆ ಹೋಗಲು ಜಾಗ ಸಿಗುವುದಿಲ್ಲ. ತೆಗೆದು ತಣ್ಣಗಾಗುವಾಗ ಮೇಲೆ ಅಂಟಿದ ಎಣ್ಣೆಯನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಎಣ್ಣೆ ಸೋರಿಸದೆ ಬಿಸಿಬಿಸಿಯಾಗಿ ಡಬ್ಬಿಗೆ ತುಂಬಿದ್ದು ಆ ಎಣ್ಣೆಯನ್ನು ಹೀರಿಕೊಂಡೇ ಬರುತ್ತದೆ.

ಈ ಫ್ರಿಜ್ ಪರೀಕ್ಷೆ ಎಲ್ಲದಕ್ಕೂ ನಡೆಯುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕ್ರೀಮ್, ಮಯೋನೀಸ್, ಗೋಡಂಬಿ ರುಬ್ಬಿ ಹಾಕಿದ ಗ್ರೇವಿ, ಇವುಗಳಲ್ಲಿ ಕೊಬ್ಬು ಬೆರೆತು ಹೋಗಿರುತ್ತದೆ, ತೇಲಿ ಬರುವುದಿಲ್ಲ. ಸಾಮಾನ್ಯ ಮಯೋನೀಸ್‌ನಲ್ಲಿ ಮುಕ್ಕಾಲು ಭಾಗದ ಹತ್ತಿರ ಎಣ್ಣೆಯೇ. ಸಲಾಡ್ ಅಂತ ತರಿಸಿ ಅದರ ಮೇಲೆ ಇದನ್ನು ಸುರಿದುಕೊಂಡರೆ, ಕೆಲವೊಮ್ಮೆ ಅನ್ನ ತಿಂದಿದ್ದರೇ ವಾಸಿ ಅನಿಸುತ್ತದೆ. ಡ್ರೆಸ್ಸಿಂಗ್ ಬೇರೆ ಕೊಡಿ ಅಂತ ಕೇಳಿ, ಫೋರ್ಕಿನ ತುದಿಯನ್ನು ಅದರಲ್ಲಿ ಅದ್ದಿ ಎಲೆ ಚುಚ್ಚಿ ತಿನ್ನಿ. ರುಚಿ ಅಷ್ಟೇ ಬರುತ್ತದೆ.

ಇನ್ನು ‘ಎಣ್ಣೆ ಕಡಿಮೆ ಹಾಕಿ’ ಅಂತ ಬರೆದು ಕಳಿಸುವುದು. ಇದು ಎಲ್ಲಿ ಕೆಲಸ ಮಾಡುತ್ತದೆ ಅಂತ ತಿಳಿದಿರಲಿ. ಗ್ರೇವಿಯ ಮಸಾಲೆಯನ್ನು ದೊಡ್ಡ ಪಾತ್ರೆಯಲ್ಲಿ ಮೊದಲೇ ಮಾಡಿಟ್ಟಿದ್ದರೆ, ಎಣ್ಣೆ ಆಗಲೇ ಅದರೊಳಗೆ ಸೇರಿಯಾಗಿದೆ. ನಿಮ್ಮ ಚೀಟಿ ನೋಡಿ ಅವರು ಮೇಲೆ ಸುರಿಯುವ ಕೊನೆಯ ಚಮಚವನ್ನಷ್ಟೇ ಬಿಡಬಹುದು. ಆರ್ಡರ್ ಬಂದ ಮೇಲೆ ಮಾಡುವ ಅಡುಗೆಗಳಿವೆಯಲ್ಲ, ಹಬೆಯಲ್ಲಿ ಬೇಯಿಸಿದ್ದು, ಬಾಣಲೆಯಲ್ಲಿ ಆಗಿಂದಾಗ ಹುರಿದ ತರಕಾರಿ, ಗ್ರಿಲ್ ಮಾಡಿದ್ದು, ಅಲ್ಲಿ ಈ ಮಾತಿಗೆ ಬೆಲೆ ಇದೆ. ಗ್ರಿಲ್ ಮಾಡುವಾಗ ಬೆಣ್ಣೆ ಸವರುತ್ತಾರೆ, ಬೇಡ ಅಂದರೆ ಬಿಡುತ್ತಾರೆ. ಗ್ರೇವಿಯೇ ಬೇಕು ಅನಿಸಿದರೆ ತೂತಿನ ಚಮಚ ಹಾಕಿ ತರಕಾರಿ ಎತ್ತಿಕೊಳ್ಳಿ, ರಸ ಡಬ್ಬಿಯಲ್ಲೇ ಉಳಿಯಲಿ.

ಈಗ ಪ್ರಮಾಣದ ವಿಷಯ. ಒಂದು ಡಬ್ಬಿ ಫ್ರೈಡ್ ರೈಸನ್ನು ನಾನು ತೂಗಿ ನೋಡಿದ್ದೇನೆ, 500 ಗ್ರಾಂ ಇತ್ತು. ಬರೀ ಅನ್ನ ಅಂತ ಹಿಡಿದರೂ 650 ಕ್ಯಾಲೊರಿ. ಮೂರು ಚಮಚ ಎಣ್ಣೆ ಸೇರಿದ್ದರೆ ಸಾವಿರದ ಹತ್ತಿರ ಹೋಗುತ್ತದೆ. ಡಬ್ಬಿ ಒಬ್ಬರಿಗೆ ಅಂತ ಬಂದಿತ್ತು. ಡಬ್ಬಿಯಿಂದಲೇ ತಿಂದರೆ ತಳ ಕಂಡಾಗಲೇ ನಾವು ನಿಲ್ಲಿಸುವುದು, ಹೊಟ್ಟೆಯನ್ನು ಯಾರು ಕೇಳುತ್ತಾರೆ? ಅದಕ್ಕೆ ನಾನು ಹಸಿವು ಇರುವಾಗಲೇ ಅರ್ಧ ತಟ್ಟೆಗೆ ಹಾಕಿಕೊಂಡು, ಮುಚ್ಚಳ ಒತ್ತಿ ಫ್ರಿಜ್‌ನಲ್ಲಿಡುತ್ತೇನೆ. ತಿಂದಾದ ಮೇಲೆ ಎತ್ತಿಡೋಣ ಅಂದುಕೊಂಡ ಯಾವ ರಾತ್ರಿಯೂ ಏನೂ ಉಳಿದಿಲ್ಲ. ಅನ್ನವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬಾರದು, ಆ ಕಾರಣಕ್ಕೂ ಇದೇ ಸರಿ.

ನಾಲ್ಕು ಜನ ಹೋಟೆಲ್‌ಗೆ ಹೋದರೆ ಮೊದಲು ಮೂರು ಬಗೆ ಹೇಳಿ. ಸಾಲದಿದ್ದರೆ ಮತ್ತೆ ಕೇಳಬಹುದು. ಮನೆಗೆ ತರಿಸುವಾಗ ಇದು ಕಷ್ಟ, ಸಾಗಣೆ ಉಚಿತ ಆಗಲಿ ಅಂತ ಇನ್ನೊಂದು ಕರಿದದ್ದನ್ನು ಸೇರಿಸುವ ಆಸೆ ಬರುತ್ತದೆ. ನನಗೂ ಬರುತ್ತದೆ. ಈಗ ಅಂಥ ಹೊತ್ತಿನಲ್ಲಿ ಹಬೆಯಲ್ಲಿ ಬೇಯಿಸಿದ ತರಕಾರಿ ಸೇರಿಸುತ್ತೇನೆ, ಅದು ಮರುದಿನ ಉಳಿದ ಫ್ರೈಡ್ ರೈಸಿಗೆ ಬೆರೆಸಿ ಬಿಸಿ ಮಾಡಲು ಬರುತ್ತದೆ.