ರುಚಿ ನೋಡದೆ ಮಾಡುವ ಹುಳಿ

ಗಣೇಶನ ಹಬ್ಬ, ಬೆಳಗ್ಗೆ ಏಳು ಗಂಟೆ. ಕುಕ್ಕರ್‌ನಲ್ಲಿ ಅರ್ಧ ಕಪ್ ತೊಗರಿಬೇಳೆ, ಪಕ್ಕದ ಒಲೆಯಲ್ಲಿ ಬೂದುಗುಂಬಳ. ನಾಲ್ಕು ಜನಕ್ಕೆ ಹುಳಿ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಸಾಲದ್ದಕ್ಕೆ ನೈವೇದ್ಯ ಆಗುವವರೆಗೆ ರುಚಿ ನೋಡುವ ಹಾಗೂ ಇಲ್ಲ. ಇವತ್ತು ಮೂಗನ್ನೇ ನಂಬಬೇಕು.

ಈರುಳ್ಳಿ ಹಾಕಿದರೆ ಹುಳಿ ಗಟ್ಟಿಯಾಗುತ್ತದೆ, ಸ್ವಲ್ಪ ಸಿಹಿಯಾಗುತ್ತದೆ, ಒಂದು ಘಾಟೂ ಬರುತ್ತದೆ. ಘಾಟಿಗೆ ನಮ್ಮಲ್ಲಿ ಇಂಗು ಇದೆ. ಅದರಲ್ಲೂ ಗಂಧಕದ ಅಂಶ ಇರುವುದರಿಂದ, ಎಣ್ಣೆಗೆ ಬಿದ್ದರೆ ಬೆಳ್ಳುಳ್ಳಿಯದೇ ನೆನಪು. ನಾನು ಗಟ್ಟಿ ಇಂಗು ತಗೊಳ್ತೀನಿ, ಎರಡು ಹೆಸರುಕಾಳಿನಷ್ಟು. ಸಣ್ಣ ಉರಿಯಲ್ಲಿ ಒಂದು ಚಮಚ ತೆಂಗಿನೆಣ್ಣೆ. ನೋಡಿ, ಉಬ್ಬಿಕೊಂಡು ಬಂತು. ಒತ್ತಿದರೆ ಪುಡಿಯಾಗಬೇಕು. ಒಳಗೆ ಅಂಟಂಟು ಇದ್ದರೆ ಇನ್ನೂ ಹಸಿ, ಹುಳಿ ಕಹಿಯಾಗುತ್ತದೆ. ಹೋದ ವರ್ಷ ಈರುಳ್ಳಿ ಇಲ್ವಲ್ಲ ಅಂತ ಮೂರರಷ್ಟು ಹಾಕಿಬಿಟ್ಟೆ. ಮನೆ ತುಂಬ ಔಷಧಿ ಅಂಗಡಿ ವಾಸನೆ!

ಇಂಗು ತೆಗೆದಿಟ್ಟು, ಅದೇ ಎಣ್ಣೆಗೆ ಒಂದು ಚಮಚ ಕಡಲೆಬೇಳೆ, ಅರ್ಧ ಚಮಚ ಉದ್ದಿನಬೇಳೆ. ಹುಳಿ ಗಟ್ಟಿಯಾಗುವುದು ಇವುಗಳಿಂದ. ಕೆಂಪಗಾಗುವಾಗ ಎರಡು ಚಮಚ ಕೊತ್ತಂಬರಿ ಬೀಜ, ಆರು ಬ್ಯಾಡಗಿ ಮೆಣಸಿನಕಾಯಿ. ಮೆಂತ್ಯ ಹತ್ತು ಹನ್ನೆರಡು ಕಾಳು, ಅದೂ ಕೊನೆಗೆ. ಅರ್ಧ ನಿಮಿಷ ಫೋನ್ ನೋಡಿದರೆ ಕಥೆ ಮುಗೀತು. ಒಮ್ಮೆ ನಡುಮನೆಯಲ್ಲಿ ಹೂ ಕಟ್ಟುತ್ತಿದ್ದ ಅತ್ತೆ ಕೂತಲ್ಲಿಂದಲೇ, "ಮೆಂತ್ಯ ಸೀದ್‌ಹೋಯ್ತು ಕಣೇ, ಚೆಲ್ಲಿ ಬೇರೆ ಹುರಿ" ಅಂದಿದ್ದರು. ಸೀದ ಮೆಂತ್ಯಕ್ಕೆ ಬೆಲ್ಲ ಹಾಕಿದರೂ ಕಹಿ ಹೋಗಲ್ಲ, ಅದು ನಿಜ.

ಅರ್ಧ ಕಪ್ ತೆಂಗಿನತುರಿಯನ್ನು ಹೊಂಬಣ್ಣಕ್ಕೆ ಹುರಿಯುತ್ತೇನೆ. ಹಸಿ ಕಾಯಿಯೂ ಚೆನ್ನಾಗಿರುತ್ತದೆ, ಆದರೆ ಈರುಳ್ಳಿ ಬಾಡಿಸಿದಾಗ ಬರುವ ಆ ಸಿಹಿ ಹುರಿದ ಕಾಯಲ್ಲೇ ಜಾಸ್ತಿ. ಇಂಗು ಸೇರಿಸಿ ಎಲ್ಲವನ್ನೂ ನುಣ್ಣಗೆ ರುಬ್ಬಿ.

ಈಗ ಬೆಂದ ಬೂದುಗುಂಬಳದ ಹೋಳುಗಳಿಗೆ ಹುಣಸೆರಸ, ಉಪ್ಪು, ಚೂರು ಬೆಲ್ಲ. ಹುಣಸೆಯ ಹಸಿವಾಸನೆ ಹೋಗುವ ತನಕ ಕುದಿಯಲಿ, ಆಮೇಲೇ ಬೇಳೆ ಮತ್ತು ಮಸಾಲೆ. ಮೊದಲೇ ಬೇಳೆ ಸುರಿದರೆ ತಳ ಹಿಡಿಯುತ್ತದೆ, ಹಸಿವಾಸನೆಯೂ ಗೊತ್ತಾಗಲ್ಲ. ಹತ್ತು ನಿಮಿಷ ಕುದಿಸಿ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು ತಕ್ಷಣ ಮುಚ್ಚಿಡಿ.

ಅಂದಹಾಗೆ, ಏಕಾದಶಿಗೆ ಇದು ಆಗಲ್ಲ, ಬೇಳೆ ಇದೆಯಲ್ಲ. ಪುಡಿ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ, ಆ ದಿನ ಡಬ್ಬಿಯ ಹಿಂದೆ ಓದಿಕೊಳ್ಳಿ.

ಮಂಗಳಾರತಿ ಆಯ್ತು. ಎಲೆ ಮೇಲೆ ಅನ್ನ, ತುಪ್ಪ, ಹುಳಿ. ಮೊದಲ ತುತ್ತು ಅತ್ತೆಯದು.

"ಪರಿಮಳ ಚೆನ್ನಾಗಿದೆ. ಉಪ್ಪು ತಗೊಂಡ್ಬಾ."