ಉಲಿಯದ ಅಕ್ಷರಗಳ ಕಥೆ

ಕೇಳುಗರಿಗೆ ನಮಸ್ಕಾರ.

ಕುದುರೆ ಏರಿ ಯುದ್ಧ ಮಾಡುವ ವೀರನಿಗೆ ಇಂಗ್ಲಿಷಿನಲ್ಲಿ ‘ನೈಟ್’ ಎನ್ನುತ್ತಾರೆ. ಅದರ ಸ್ಪೆಲ್ಲಿಂಗ್ ಕೆ, ಎನ್, ಐ, ಜಿ, ಎಚ್, ಟಿ. ಕೆ, ಜಿ, ಎಚ್ ಈ ಮೂರಕ್ಕೂ ಉಚ್ಚಾರಣೆಯಲ್ಲಿ ಜಾಗವಿಲ್ಲ. ಕೆ ಬಿಟ್ಟು ಬರೆದದ್ದಕ್ಕೆ ಬಾಲ್ಯದಲ್ಲಿ ನಾನು ಬೈಸಿಕೊಂಡಿದ್ದೇನೆ. ಅದು ಏಕೆ ಬಂತೆಂದು ಆಗ ಯಾರೂ ಹೇಳಲಿಲ್ಲ.

ಅದು ಒಂದು ಕಾಲದಲ್ಲಿ ಉಲಿಯುತ್ತಿದ್ದ ಅಕ್ಷರ. ಏಳುನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಜನ ಈ ಪದವನ್ನು ಸುಮಾರಾಗಿ ‘ಕ್ನಿಹ್ಟ್’ ಎನ್ನುತ್ತಿದ್ದರು. ನಡುವಿನ ಹಕಾರ ಗಂಟಲಿನತ್ತ ಒತ್ತಿ ಬರುತ್ತಿತ್ತು. ಅದನ್ನು ತೋರಿಸಲು ಲಿಪಿಕಾರರು ಜಿ, ಎಚ್ ಜೋಡಿಯನ್ನು ಬಳಸಿದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ತೆರೆದ. ಅಚ್ಚಿನ ಪುಸ್ತಕಗಳು ಹರಡಿದಂತೆ ಸ್ಪೆಲ್ಲಿಂಗ್ ಮೆಲ್ಲನೆ ಗಟ್ಟಿಯಾಯಿತು. ನಾಲಿಗೆ ಮಾತ್ರ ನಿಲ್ಲಲಿಲ್ಲ. ಗಂಟಲಿನ ಹಕಾರ ಉದುರಿತು, ಇಕಾರ ದೀರ್ಘವಾಗಿ ಕ್ರಮೇಣ ‘ಐ’ ಆಯಿತು, ಮೊದಲಿನ ಕಕಾರವೂ ಹೋಯಿತು.

ಕನ್ನಡದಲ್ಲೂ ಉಚ್ಚಾರಣೆ ಬದಲಾಗಿದೆ. ಹಳಗನ್ನಡದ ‘ಪಾಲ್’ ಇಂದಿನ ‘ಹಾಲು’. ಆದರೆ ನಾವು ಬರಹವನ್ನೂ ಜೊತೆಯಲ್ಲೇ ಬದಲಿಸಿಕೊಂಡೆವು. ‘ಪಾಲ್’ ಎಂದು ಬರೆದು ‘ಹಾಲು’ ಎಂದು ಓದುವ ಮಗುವನ್ನು ಊಹಿಸಿಕೊಳ್ಳಿ. ಇಂಗ್ಲಿಷ್ ಕಲಿಯುವ ಮಗುವಿನ ಪಾಡು ಅದೇ.

ಎಲ್ಲ ಮೂಕ ಅಕ್ಷರಗಳೂ ಹೀಗೆ ಉಳಿದವಲ್ಲ. ಸಾಲಕ್ಕೆ ‘ಡೆಟ್’ ಎನ್ನುತ್ತಾರಲ್ಲ, ಅದರಲ್ಲಿರುವ ಬಿ ಇಂಗ್ಲಿಷರ ಬಾಯಲ್ಲಿ ಎಂದೂ ಉಲಿದದ್ದಲ್ಲ. ಪದ ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಮೂಲ ಲ್ಯಾಟಿನ್ ಪದ ‘ಡೆಬಿಟುಂ’ ಎಂದು ನೆನಪಿಸಲು ವಿದ್ವಾಂಸರು ಅದನ್ನು ತುರುಕಿದರು. ಇದನ್ನು ನಾನು ಪಾಂಡಿತ್ಯದ ಅತಿರೇಕವೆಂದೇ ಎಣಿಸುತ್ತೇನೆ.

ತಿದ್ದುವ ಯತ್ನಗಳು ನಡೆಯದೆ ಇಲ್ಲ. ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ ‘ಕಲರ್’ ಪದದಿಂದ ಯು ಅಕ್ಷರವನ್ನು ತೆಗೆದ, ಜನ ಒಪ್ಪಿದರು. ನಾಲಿಗೆ ಎಂಬರ್ಥದ ‘ಟಂಗ್’ ಪದವನ್ನು ಟಿ, ಯು, ಎನ್, ಜಿ ಎಂದು ಬರೆಯಿರಿ ಎಂದ, ಒಪ್ಪಲಿಲ್ಲ. 1906ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ 300 ಪದಗಳ ಸರಳ ರೂಪಗಳನ್ನು ಸರ್ಕಾರಿ ಮುದ್ರಣದಲ್ಲಿ ಬಳಸಲು ಆಜ್ಞೆ ಹೊರಡಿಸಿದರು. ಪತ್ರಿಕೆಗಳು ಗೇಲಿ ಮಾಡಿದವು, ಸಂಸತ್ತು ವಿರೋಧಿಸಿತು. ವರ್ಷ ಮುಗಿಯುವ ಮೊದಲೇ ಅವರು ಹಿಂದೆ ಸರಿದರು.

ಗೇಲಿಯ ಹಿಂದೆ ನಿಜವಾದ ತೊಡಕೊಂದಿತ್ತು. ನುಡಿದಂತೆ ಬರೆಯುವುದಾದರೆ ಯಾರು ನುಡಿದಂತೆ? ಲಂಡನ್ನಿನವರು ‘ಬಸ್’ ಎನ್ನುವುದನ್ನು ಉತ್ತರ ಇಂಗ್ಲೆಂಡಿನ ಬಹಳ ಮಂದಿ ‘ಬುಸ್’ ಎನ್ನುತ್ತಾರೆ. ಬಿ, ಯು, ಎಸ್ ಎಂಬ ಹಳೆಯ ಮೂರು ಅಕ್ಷರಗಳನ್ನು ಇಬ್ಬರೂ ತಮ್ಮ ತಮ್ಮ ರೀತಿಯಲ್ಲಿ ಓದಿಕೊಂಡು ಒಂದೇ ಬಸ್ ಹತ್ತುತ್ತಾರೆ.

ನಮಸ್ಕಾರ.