ಬೀರು ಮೊದಲೋ, ಮೇಜು ಮೊದಲೋ?

ಕೇಳುಗರಿಗೆ ನಮಸ್ಕಾರ. ಎರಡು ಮೂರು ಬಗೆಯ ಸಾಮಾನು ತಯಾರಿಸುತ್ತೀರಿ. ಆರ್ಡರ್ ಬೇಕಾದಷ್ಟಿದೆ, ಆದರೆ ಯಂತ್ರವೋ, ಆಳೋ, ಕಚ್ಚಾ ಮಾಲೋ ಸಾಲುತ್ತಿಲ್ಲ. ಅಂಥವರಿಗೆ ಇವತ್ತಿನ ಮಾತು. ಹೇಳುವುದು ಒಂದೇ ವಿಷಯ: ಒಂದು ಸಾಮಾನಿಗೆ ಎಷ್ಟು ಉಳಿಯಿತು ಅಂತ ನೋಡಬೇಡಿ. ಯಾವುದು ಸಾಲುತ್ತಿಲ್ಲವೋ, ಅದರ ಒಂದೊಂದು ಗಂಟೆಗೆ ಎಷ್ಟು ಉಳಿಯಿತು ಅಂತ ನೋಡಿ.

ಉಳಿಯುವುದು ಅಂದರೇನು? ಮಾರುವ ಬೆಲೆಯಲ್ಲಿ, ಆ ಸಾಮಾನು ಮಾಡಿದ್ದಕ್ಕೇ ಆದ ಖರ್ಚನ್ನು ಕಳೆಯಿರಿ. ಮರ, ಮೊಳೆ, ಬಣ್ಣ, ನಗಕ್ಕಿಷ್ಟು ಎಂದು ಕೊಡುವ ಕೂಲಿ, ಇಷ್ಟೇ. ಬಾಡಿಗೆ, ಗುಮಾಸ್ತರ ಸಂಬಳ ಇದರಲ್ಲಿ ಬರುವುದಿಲ್ಲ. ಒಂದೂ ಸಾಮಾನು ಮಾಡದಿದ್ದರೂ ಅವನ್ನು ಕೊಡಲೇಬೇಕು. ಹೀಗೆ ಉಳಿದದ್ದನ್ನು ಲೆಕ್ಕಪತ್ರದವರು ಕಾಂಟ್ರಿಬ್ಯೂಷನ್ ಅನ್ನುತ್ತಾರೆ, ನಾವು ಕೊಡುಗೆ ಅನ್ನೋಣ. ಬಾಡಿಗೆ, ಸಂಬಳ ತೀರುವುದು ಇದರಿಂದಲೇ. ತೀರಿದ ಮೇಲೆ ಮಿಕ್ಕಿದ್ದು ಲಾಭ.

ಹಿಂದೊಮ್ಮೆ ಮರದ ಸಾಮಾನಿನ ಕಾರ್ಖಾನೆಯೊಂದರ ಮಾಲೀಕರು ನನ್ನನ್ನು ಕರೆಸಿದ್ದರು. ಬೀರು, ಮೇಜು ಎರಡೂ ಮಾಡುತ್ತಿದ್ದರು. "ಸಾರ್, ಹಗಲೂ ರಾತ್ರಿ ದುಡಿದರೂ ಕೈಗೇನೂ ಹತ್ತುತ್ತಿಲ್ಲ" ಅಂದರು. ಯಾವ ಕೆಲಸ ನಿಧಾನ ಅಂತ ಕೇಳಿದೆ. ಪಾಲಿಶ್ ಅಂದರು. ಒಳಗೆ ಹೋಗಿ ನೋಡಿದರೆ ಪಾಲಿಶ್ ಮಾಡುವವರು ಸುಮ್ಮನೆ ಕೂತಿದ್ದಾರೆ! ಹಲಗೆಯ ರಾಶಿ ಬಿದ್ದಿದ್ದದ್ದು ಕೊಯ್ಯುವ ಯಂತ್ರದ ಮುಂದೆ. ಅಡಚಣೆ ಎಲ್ಲಿದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ, ರಾಶಿ ಎಲ್ಲಿ ಬೆಳೆಯುತ್ತಿದೆ ನೋಡಿದರೆ ಸಾಕು.

ಅಂಕಿಗಳನ್ನು ನಿಮಗಾಗಿ ಸುಲಭ ಮಾಡಿ ಹೇಳುತ್ತೇನೆ, ಕಾಗದ ಇದ್ದರೆ ಬರೆದುಕೊಳ್ಳಿ. ಬೀರುವಿನ ಬೆಲೆ 1000, ಅದರದೇ ಖರ್ಚು 600, ಕೊಡುಗೆ 400. ಮೇಜಿನ ಬೆಲೆ 300, ಖರ್ಚು 150, ಕೊಡುಗೆ 150. ಯಂತ್ರ ತಿಂಗಳಿಗೆ ಓಡುವುದು 200 ಗಂಟೆ. ಬೀರುವಿಗೆ 4 ಗಂಟೆ ಹಿಡಿಯುತ್ತದೆ, ಮೇಜಿಗೆ 1 ಗಂಟೆ. ತಿಂಗಳಿಗೆ 40 ಬೀರು, 120 ಮೇಜಿಗೆ ಬೇಡಿಕೆ. ಎರಡನ್ನೂ ಪೂರೈಸಲು 280 ಗಂಟೆ ಬೇಕು. ಅಷ್ಟಿಲ್ಲ.

ಮಾಲೀಕರಿಗೆ ಬೀರುವಿನ ಮೇಲೆ ಪ್ರೀತಿ. "400 ಎಲ್ಲಿ, 150 ಎಲ್ಲಿ ಸಾರ್?" ಅಂತ ನನ್ನನ್ನೇ ಕೇಳಿದರು. ಮೊದಲು 40 ಬೀರು ಮಾಡಿಸುತ್ತಿದ್ದರು: 160 ಗಂಟೆ, ಕೊಡುಗೆ 16000. ಮಿಕ್ಕ 40 ಗಂಟೆಗೆ 40 ಮೇಜು: 6000. ಒಟ್ಟು 22000. ಬಾಡಿಗೆ, ಸಂಬಳ 20000 ಹೋದರೆ ಲಾಭ 2000.

ನಾನು ಹೇಳಿದೆ, "ಸ್ವಾಮಿ, ನಿಮ್ಮಲ್ಲಿ ಸಾಲದಿರುವುದು ಯಂತ್ರದ ಗಂಟೆ. ಬೀರು ಗಂಟೆಗೆ 100 ಕೊಡುತ್ತದೆ, ಮೇಜು 150. ಮೇಜು ಮೊದಲು." 120 ಮೇಜಿಗೆ 120 ಗಂಟೆ, 18000. ಮಿಕ್ಕ 80 ಗಂಟೆಗೆ 20 ಬೀರು, 8000. ಒಟ್ಟು 26000, ಲಾಭ 6000. ಅದೇ ಯಂತ್ರ, ಅದೇ ಆಳು, ಮೂರು ಪಟ್ಟು ಲಾಭ. ಅವರು ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, "ಆದರೂ ಬೀರುವಿನಲ್ಲಿ 400 ಇದೆಯಲ್ಲ" ಅಂದರು! ಮತ್ತೆ ಮೊದಲಿಂದ ಹೇಳಿದೆ. ನಿಮಗೂ ಇನ್ನೊಮ್ಮೆ ಹೇಳುತ್ತೇನೆ: ಸಾಮಾನಿಗೆ ಎಷ್ಟು ಅಂತಲ್ಲ, ಗಂಟೆಗೆ ಎಷ್ಟು. ಯಂತ್ರದ ಬದಲು ಮರವೇ ಸಾಲದಿದ್ದರೆ ಗಂಟೆ ಬಿಟ್ಟು ಮರದ ಅಳತೆಯಿಂದ ಭಾಗಿಸಿ. ಆಗ ಸರದಿ ತಿರುಗಿದರೂ ತಿರುಗಬಹುದು.

ಕಥೆಯಲ್ಲೇ ಹೊತ್ತು ಹೋಯಿತು. ಎರಡು ಮಾತು ಬೇಗ ಹೇಳಿಬಿಡುತ್ತೇನೆ. ಯಂತ್ರವೂ ಮರವೂ ಒಟ್ಟಿಗೆ ಸಾಲದೆ ಹೋದರೆ, ಒಂದೊಂದರ ಲೆಕ್ಕ ಒಂದೊಂದು ಸರದಿ ಹೇಳಬಹುದು. ಅದಕ್ಕೆ ಲೀನಿಯರ್ ಪ್ರೋಗ್ರಾಮಿಂಗ್ ಅಂತ ಬೇರೆ ವಿಧಾನವಿದೆ, ಇವತ್ತು ಬೇಡ.

ಇನ್ನೊಂದು, ಆ ಮಾಲೀಕರೇ ಕೊನೆಗೆ ಕೇಳಿದ್ದು: "ಯಂತ್ರವನ್ನು ಇನ್ನೂ ಒಂದು ಗಂಟೆ ಓಡಿಸಬೇಕಾದರೆ ಹೆಚ್ಚಿಗೆ ಎಷ್ಟು ಕೊಡಬಹುದು? 150?" ಅಲ್ಲ. ಮೇಜಿನ ಬೇಡಿಕೆ ಆಗಲೇ ಮುಗಿದಿದೆ. ಹೆಚ್ಚಿನ ಗಂಟೆಯಲ್ಲಿ ಆಗುವುದು ಬೀರುವಿನ ಕೆಲಸ, ಅದು ತರುವುದು 100. ಓವರ್‌ಟೈಮ್‌ಗೆ ಹೆಚ್ಚುವರಿಯಾಗಿ 100ಕ್ಕಿಂತ ಕಡಿಮೆ ತಗುಲಿದರೆ ಓಡಿಸಿ, ಮೀರಿದರೆ ದೀಪ ಆರಿಸಿ ಮನೆಗೆ ಹೋಗಿ ಅಂದೆ. ನಮಸ್ಕಾರ.